ಎರಡನೇ ಬೇಕರಿ ತೆರೆಯುವ ಮುನ್ನ ಒಂದು ಪ್ರಾಮಾಣಿಕ ಸ್ವಾಟ್

"ಅಂಗಡಿ ಚೆನ್ನಾಗಿ ನಡೀತಿದೆ, ಇನ್ನೊಂದು ಬ್ರಾಂಚ್ ತೆಗೀಬೇಕು ಅಂತಿದ್ದೀವಿ, ನೀನೂ ಸ್ವಲ್ಪ ಹಾಕ್ತೀಯಾ?" ಹೊರದೇಶದಲ್ಲಿರುವ ನಮ್ಮಂಥವರಿಗೆ ಊರಿನಿಂದ ಈ ಪ್ರಶ್ನೆ ಬರುವುದು ಹೊಸದೇನಲ್ಲ. ಕಳೆದ ತಿಂಗಳು ಇಲ್ಲಿ ಸಿಂಗಪುರದಲ್ಲಿರುವ ಸ್ನೇಹಿತರೊಬ್ಬರು ಅಂಥದ್ದೇ ಒಂದು ಫೈಲ್ ಕಳಿಸಿ, "ಸ್ವಲ್ಪ ನೋಡಿ ಹೇಳಿ" ಎಂದರು. ಅವರ ದೊಡ್ಡಪ್ಪನ ಮಗ ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಡಾವಣೆಯಲ್ಲಿ 18 ವರ್ಷದಿಂದ ಬೇಕರಿ ನಡೆಸುತ್ತಿದ್ದಾರೆ. ನಾಲ್ಕು ಕಿಲೋಮೀಟರ್ ದೂರದಲ್ಲಿ ದೊಡ್ಡ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಅಲ್ಲಿ ಎರಡನೇ ಅಂಗಡಿ ಹಾಕಬೇಕೆಂಬ ಆಸೆ. ಬೇಕಾದ ಹಣ 32 ಲಕ್ಷ ರೂಪಾಯಿ. ಅದರಲ್ಲಿ 20 ಲಕ್ಷ ನನ್ನ ಸ್ನೇಹಿತರದು, ಉಳಿದ 12 ಲಕ್ಷ ಈಗಿನ ಅಂಗಡಿಯ ಕಟ್ಟಡವನ್ನು ಅಡವಿಟ್ಟು ತರುವ ಸಾಲ. ಅಂದರೆ ಹೊಸ ಅಂಗಡಿ ಮುಳುಗಿದರೆ ಹಳೆಯದರ ನೆಲವೂ ಅಲುಗಾಡುತ್ತದೆ.

ಫೈಲಿನಲ್ಲಿ ಒಂದು ಸ್ವಾಟ್ ಪುಟವಿತ್ತು. ಶಕ್ತಿ: 18 ವರ್ಷದ ಹೆಸರು, ಗುಣಮಟ್ಟ, ಬಿಟ್ಟುಹೋಗದ ಗಿರಾಕಿಗಳು, ಸ್ವಂತ ಕಟ್ಟಡ. ದೌರ್ಬಲ್ಯ: ಸೋಷಿಯಲ್ ಮೀಡಿಯಾದಲ್ಲಿ ಪ್ರಚಾರ ಕಡಿಮೆ. ಅವಕಾಶ: ಹೊಸ ಬಡಾವಣೆಯಲ್ಲಿ ಶಾಖೆ ತೆರೆಯುವುದು. ಅಪಾಯ: ಸ್ಪರ್ಧೆ. ಈ ನಾಲ್ಕು ಚೌಕಗಳಲ್ಲಿ ಒಂದು ಸುಳ್ಳೂ ಇಲ್ಲ, ಆದರೂ ಇದು ಪ್ರಾಮಾಣಿಕ ಸ್ವಾಟ್ ಅಲ್ಲ ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಒಂದೊಂದೇ ಚೌಕ ಹಿಡಿದು ನೋಡೋಣ. ಮನೆಯವರ ಗುರುತು ಸಿಗಬಾರದೆಂದು ಅಂಕಿಗಳನ್ನು ಕೊಂಚ ಬದಲಿಸಿ ದುಂಡಗೆ ಮಾಡಿದ್ದೇನೆ. ಅನುಪಾತಗಳು ಮಾತ್ರ ಹಾಗೇ ಇವೆ.

ಯಾವುದರ ಸ್ವಾಟ್?

ಸ್ವಾಟ್ ಮೇಲೆ ಟೀಕೆ ಹೊಸದಲ್ಲ. 1997ರಲ್ಲೇ ಟೆರ್ರಿ ಹಿಲ್ ಮತ್ತು ರಾಯ್ ವೆಸ್ಟ್‌ಬ್ರೂಕ್ ಎಂಬ ಇಬ್ಬರು ಪ್ರಾಧ್ಯಾಪಕರು, ಕೆಟ್ಟ ಸರಕನ್ನು ಮಾರುಕಟ್ಟೆಯಿಂದ ವಾಪಸ್ ಕರೆಸುವ ಹಾಗೆ ಇದನ್ನೂ ವಾಪಸ್ ಕರೆಸಬೇಕು ಎಂದು ಬರೆದಿದ್ದರು. ಕಂಪನಿಗಳು ಉದ್ದುದ್ದ ಪಟ್ಟಿ ಮಾಡುತ್ತವೆ, ಪದಗಳು ತೀರಾ ಮೋಘಮ್ಮಾಗಿರುತ್ತವೆ, ಕೊನೆಗೆ ನಿರ್ಧಾರ ಮಾಡುವಾಗ ಆ ಪಟ್ಟಿಯನ್ನು ಯಾರೂ ತೆರೆದು ನೋಡುವುದಿಲ್ಲ ಎಂಬುದು ಅವರ ದೂರು. ನಾನು ಅಷ್ಟು ದೂರ ಹೋಗುವುದಿಲ್ಲ. ಸಣ್ಣ ವ್ಯಾಪಾರಕ್ಕೆ ಇದು ಒಳ್ಳೆಯ ಸಾಧನವೇ, ಒಂದು ಷರತ್ತಿನ ಮೇಲೆ: ಸ್ವಾಟ್ ಮಾಡಬೇಕಾದ್ದು ಅಂಗಡಿಗೆ ಅಲ್ಲ, ನಿರ್ಧಾರಕ್ಕೆ.

"ನಮ್ಮ ಬೇಕರಿಯ ಶಕ್ತಿ ಏನು" ಎಂದು ಕೇಳಿದರೆ ಸಿಗುವುದು ಮೊದಲ ಅಂಗಡಿಯ ಗುಣಗಾನ. ಕೇಳಬೇಕಾದ ಪ್ರಶ್ನೆ ಬೇರೆ: ನಾಲ್ಕು ಕಿಲೋಮೀಟರ್ ಆಚೆ, ಮಾಲೀಕರು ಎದುರಿಗಿಲ್ಲದ, ಬಾಡಿಗೆ ಕಟ್ಟಬೇಕಾದ ಇನ್ನೊಂದು ಅಂಗಡಿಯಲ್ಲಿ ಇವುಗಳಲ್ಲಿ ಯಾವುದು ಉಳಿಯುತ್ತದೆ? ಹೀಗೆ ಕೇಳಿದ ಕೂಡಲೇ ಕೆಲವು ಸಾಲುಗಳು ತಾವಾಗಿಯೇ ಒಂದು ಚೌಕದಿಂದ ಇನ್ನೊಂದಕ್ಕೆ ಜಾರುತ್ತವೆ.

ಇನ್ನೊಂದು ಮಾತು, ಪುಟ ತುಂಬುವವರು ಯಾರು ಎಂಬುದರ ಬಗ್ಗೆ. ಈ ಫೈಲನ್ನು ಬರೆದವರು ಮಾಲೀಕರು ಮತ್ತು ಅವರ ಪರಿಚಯದ ಒಬ್ಬ ಕನ್ಸಲ್ಟೆಂಟ್. ಸಂಜೆ ಗಲ್ಲಾದಲ್ಲಿ ಕೂರುವ ಅತ್ತಿಗೆಯನ್ನಾಗಲಿ, ಬೆಳಗಿನ ಜಾವ ಹಿಟ್ಟು ಕಲಸುವ ಮಾಸ್ಟರನ್ನಾಗಲಿ ಯಾರೂ ಕೇಳಿರಲಿಲ್ಲ. ಮೂವರೂ ಬೇರೆಬೇರೆ ಕೂತು ಬರೆಯಲಿ ಎಂದು ನಾನು ಕೇಳಿಕೊಂಡೆ. ಅತ್ತಿಗೆಯ ಚೀಟಿಯ ಮೊದಲ ಸಾಲೇ ಹೀಗಿತ್ತು: "ಇವರು ಎರಡು ದಿನ ಊರಿಗೆ ಹೋದರೆ ಮೂರನೇ ದಿನ ಲೆಕ್ಕ ಸರಿ ಬರಲ್ಲ." ಇಡೀ ಫೈಲಿನಲ್ಲಿ ಇಷ್ಟು ಬೆಲೆಬಾಳುವ ವಾಕ್ಯ ಇನ್ನೊಂದಿರಲಿಲ್ಲ.

ಶಕ್ತಿ: ನಾಲ್ಕು ಕಿಲೋಮೀಟರ್ ದಾಟುತ್ತದೆಯೇ?

ಈ ಬೇಕರಿಯ ಹೆಸರು ನಿಂತಿರುವುದು ಖಾರ ಬನ್ ಮತ್ತು ಪಫ್ ಮೇಲೆ. ಸಂಜೆ ನಾಲ್ಕರಿಂದ ಏಳರವರೆಗೆ ಟ್ರೇ ಹೊರಬಂದ ಹಾಗೆ ಖಾಲಿಯಾಗುತ್ತದೆ. ಜನ ಅಲ್ಲಿ ನಿಲ್ಲುವುದು ಬಿಸಿಗಾಗಿ. ಹೊಸ ಅಂಗಡಿಯಲ್ಲಿ ಓವನ್ ಇಲ್ಲ, ಮಾಲು ಹಳೆಯ ಅಂಗಡಿಯಿಂದ ವ್ಯಾನಿನಲ್ಲಿ ಹೋಗಬೇಕು. ಪಫ್ ಅನ್ನು ಬಿಸಿಯಿರುವಾಗಲೇ ಮುಚ್ಚಿಟ್ಟರೆ ಅದರದೇ ಹಬೆಗೆ ಪದರಗಳು ಮೆತ್ತಗಾಗುತ್ತವೆ; ಆರಲು ಬಿಟ್ಟು ಕಳಿಸಿದರೆ ಬಿಸಿ ಎಂಬ ಶಕ್ತಿಯೇ ಹೋಯಿತು. ಇದನ್ನು ಪರೀಕ್ಷಿಸಲು ಕನ್ಸಲ್ಟೆಂಟ್ ಬೇಡ. ಒಂದು ಶುಕ್ರವಾರ ಸಂಜೆ ಐದಕ್ಕೆ ಒಂದು ಟ್ರೇ ಪಫ್ ಗಾಡಿಯಲ್ಲಿಟ್ಟುಕೊಂಡು ಹೊಸ ಜಾಗಕ್ಕೆ ಹೋಗಿ, ಅಲ್ಲೇ ನಿಂತು ಒಂದು ತಿಂದು ನೋಡಿದರೆ ಸಾಕು. ಮಾಲೀಕರು ಹೋಗಿ ಬಂದರು. ಟ್ರಾಫಿಕ್‌ನಲ್ಲಿ ನಲವತ್ತು ನಿಮಿಷ ಹಿಡಿಯಿತಂತೆ. "ತಿನ್ನಬಹುದು, ಆದರೆ ನಮ್ಮ ಪಫ್ ಅಲ್ಲ" ಎಂದರು.

ಹಾಗೆಂದು ಎಲ್ಲವೂ ಹೋಯಿತು ಅಂತಲ್ಲ. ಬೆಣ್ಣೆ ಬಿಸ್ಕತ್ತು, ರಸ್ಕ್, ಕೊಬ್ಬರಿ ಬಿಸ್ಕತ್ತು, ನಿಪ್ಪಟ್ಟು, ಆರ್ಡರ್ ಕೇಕ್, ಇವು ನಾಲ್ಕು ಕಿಲೋಮೀಟರ್ ಅಲ್ಲ, ನಲವತ್ತು ಕಿಲೋಮೀಟರ್ ದಾಟುತ್ತವೆ. ಆದ್ದರಿಂದ ಶಕ್ತಿಯ ಚೌಕದಲ್ಲಿ "ಗುಣಮಟ್ಟ" ಎಂದು ಬರೆಯುವ ಬದಲು "ಬಿಸ್ಕತ್ತು ಮತ್ತು ಕೇಕ್‌ನ ಗುಣಮಟ್ಟ, ಈಗಿನ ಮಾರಾಟದ ಸುಮಾರು ಅರ್ಧ" ಎಂದು ಬರೆಯಬೇಕು. ಉಳಿದರ್ಧ ಬಿಸಿ ಮಾಲಿನದು. ಅದನ್ನು ದೌರ್ಬಲ್ಯದ ಚೌಕಕ್ಕೆ ಹಾಕಬೇಕು, ಇಲ್ಲವೇ ಹೊಸ ಅಂಗಡಿಯಲ್ಲೇ ಸಣ್ಣ ಓವನ್ ಇಟ್ಟು, ಅದರ ಕರೆಂಟು ಮತ್ತು ಅದನ್ನು ನೋಡಿಕೊಳ್ಳುವ ಒಬ್ಬರ ಸಂಬಳವನ್ನು ಲೆಕ್ಕಕ್ಕೆ ಸೇರಿಸಬೇಕು.

"ನಮ್ಮ ಓವನ್ ಅರ್ಧ ದಿನ ಖಾಲಿ ಇರುತ್ತೆ" ಎಂಬುದೂ ಶಕ್ತಿಯ ಪಟ್ಟಿಯಲ್ಲಿತ್ತು. ಗಂಟೆಗಂಟೆಗೆ ಬರೆದು ನೋಡಿದರೆ ಅದು ಖಾಲಿ ಇರುವುದು ಬೆಳಿಗ್ಗೆ ಹನ್ನೊಂದರಿಂದ ಎರಡರವರೆಗೆ. ಎರಡೂ ಅಂಗಡಿಗೆ ಖಾರ ಬನ್ ಬೇಕಾಗುವುದು ಸಂಜೆ ನಾಲ್ಕಕ್ಕೆ. ಬಿಡುವಿನ ಸಾಮರ್ಥ್ಯ ಬಿಸ್ಕತ್ತಿಗೆ ಉಪಯೋಗಕ್ಕೆ ಬರುತ್ತದೆ, ಬನ್ನಿಗೆ ಬರುವುದಿಲ್ಲ.

ದೌರ್ಬಲ್ಯ: ಪುಸ್ತಕದಲ್ಲಿ ಇಲ್ಲದ ಎರಡು ಸಾಲು

ಈಗ ಮೊದಲ ಅಂಗಡಿಯ ತಿಂಗಳ ಲೆಕ್ಕ. ಮಾರಾಟ 9 ಲಕ್ಷ, ಅಂದರೆ ದಿನಕ್ಕೆ 30,000. ಮೈದಾ, ಸಕ್ಕರೆ, ಬೆಣ್ಣೆ, ಎಣ್ಣೆ, ಹಾಲು ಸೇರಿ ಸಾಮಗ್ರಿಗೆ 4.5 ಲಕ್ಷ. ಆರು ಜನರ ಸಂಬಳ 1.4 ಲಕ್ಷ. ಕರೆಂಟು ಮತ್ತು ಗ್ಯಾಸ್ 55,000. ಪ್ಯಾಕಿಂಗ್, ರಿಪೇರಿ, ತೆರಿಗೆ, ಇತರೆ 55,000. ಉಳಿಯುವುದು 2 ಲಕ್ಷ, ನೂರಕ್ಕೆ 22. ಇದನ್ನು ನೋಡಿದರೆ ಯಾರಿಗಾದರೂ ಇನ್ನೊಂದು ತೆರೆಯೋಣ ಅನ್ನಿಸುತ್ತದೆ.

ಆದರೆ ಈ ಪುಸ್ತಕದಲ್ಲಿ ಎರಡು ಸಾಲುಗಳೇ ಇಲ್ಲ. ಒಂದು ಬಾಡಿಗೆ. ಕಟ್ಟಡ ಸ್ವಂತದ್ದು, ಆದರೆ ಬೇರೆಯವರಿಗೆ ಕೊಟ್ಟರೆ 60,000 ಬರುತ್ತದೆ. ಇನ್ನೊಂದು ಮನೆಯವರ ದುಡಿಮೆ. ಅಣ್ಣ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅಲ್ಲೇ ಇರುತ್ತಾರೆ, ಅತ್ತಿಗೆ ಸಂಜೆ ಗಲ್ಲಾ ನೋಡಿಕೊಳ್ಳುತ್ತಾರೆ. ಇಬ್ಬರ ಜಾಗಕ್ಕೆ ಸಂಬಳದವರನ್ನು ಇಟ್ಟರೆ ಕಡಿಮೆಯೆಂದರೂ 55,000. ಎರಡನ್ನೂ ಕಳೆದರೆ ಉಳಿಯುವುದು 85,000, ನೂರಕ್ಕೆ ಒಂಬತ್ತು ಚಿಲ್ಲರೆ.

ಅಂದರೆ ಈ ಕುಟುಂಬದ ಕೈಗೆ ಬರುವ 2 ಲಕ್ಷದಲ್ಲಿ ಬೇಕರಿ ದುಡಿಯುವುದು 85,000 ಮಾತ್ರ. ಉಳಿದದ್ದು ಅವರ ಕಟ್ಟಡದ ಬಾಡಿಗೆ ಮತ್ತು ಅವರದೇ ಸಂಬಳ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡನೇ ಅಂಗಡಿಗೆ ಎರಡನೇ ಕಟ್ಟಡವೂ ಇಲ್ಲ, ಎರಡನೇ ಅಣ್ಣ ಅತ್ತಿಗೆಯೂ ಇಲ್ಲ. "ಸ್ವಂತ ಕಟ್ಟಡ" ಮೊದಲ ಅಂಗಡಿಗೆ ಶಕ್ತಿ. ಎರಡನೆಯದಕ್ಕೆ ಅದು ಲೆಕ್ಕವನ್ನು ದಾರಿ ತಪ್ಪಿಸುವ ಪರದೆ. ನೆರೆಹೊರೆಯ ಅಂಗಡಿಗಳ ಎರಡನೇ ಶಾಖೆ ಸೋಲುವುದಕ್ಕೆ ನಾನು ನೋಡಿರುವ ದೊಡ್ಡ ಕಾರಣ ಇದೇ. ಎದುರಿನ ಅಂಗಡಿಯವರ ಪೈಪೋಟಿಗಿಂತ, ಮೊದಲ ಅಂಗಡಿ ನಿಜವಾಗಿ ಎಷ್ಟು ದುಡಿಯುತ್ತಿದೆ ಎಂಬುದು ಮಾಲೀಕರಿಗೇ ಗೊತ್ತಿಲ್ಲದಿರುವುದು ಹೆಚ್ಚು ಹೊಡೆತ ಕೊಡುತ್ತದೆ.

ಹೊಸ ಅಂಗಡಿ ಎಲ್ಲಿ ಸಮಕ್ಕೆ ಬರುತ್ತದೆ?

ಹೊಸ ಅಂಗಡಿ ತಿಂಗಳಿಗೆ 6 ಲಕ್ಷ ಮಾರುತ್ತದೆ, ನೂರಕ್ಕೆ 22ರಂತೆ 1.32 ಲಕ್ಷ ಉಳಿಯುತ್ತದೆ ಎಂದು ಫೈಲ್ ಹೇಳುತ್ತದೆ. ನಾವೇ ಕೂಡಿಸಿ ನೋಡೋಣ. ಪ್ರತಿ ನೂರು ರೂಪಾಯಿ ಮಾರಾಟದಲ್ಲಿ 50 ಸಾಮಗ್ರಿಗೆ ಹೋಗುತ್ತದೆ, 6 ಪ್ಯಾಕಿಂಗ್ ಮತ್ತು ಇತರೆಗೆ. ಹೊಸ ಜಾಗದಲ್ಲಿ ಯಾವುದು ಎಷ್ಟು ಖರ್ಚಾಗುತ್ತದೆ ಎಂಬ ಅಂದಾಜು ಸಿಗುವವರೆಗೆ ಉಳಿದು ಹಾಳಾಗುವ ಮಾಲಿಗೆ ಇನ್ನೊಂದು 4. ಕೈಯಲ್ಲಿ ನಿಲ್ಲುವುದು 40. ಇನ್ನು ಮಾರಾಟ ಆಗಲಿ ಬಿಡಲಿ, ಕೊಡಲೇಬೇಕಾದ ತಿಂಗಳ ಖರ್ಚು ಹೀಗಿದೆ:

- ಬಾಡಿಗೆ: 75,000
- ಕೌಂಟರಿನ ಮೂವರು: 55,000
- ಮ್ಯಾನೇಜರ್: 35,000
- ವ್ಯಾನ್, ಡ್ರೈವರ್, ಡೀಸೆಲ್: 30,000
- ಹಳೆಯ ಅಂಗಡಿಯ ಅಡುಗೆಮನೆಗೆ ಹೆಚ್ಚುವರಿ ಆಳು: 30,000
- ಕರೆಂಟು: 15,000

ಒಟ್ಟು 2.4 ಲಕ್ಷ. ಇದನ್ನು 0.40ರಿಂದ ಭಾಗಿಸಿದರೆ 6 ಲಕ್ಷ. ಲಾಭದ ಗುರಿ ಎಂದು ಫೈಲ್ ತೋರಿಸಿದ ಮಾರಾಟವೇ ಇಲ್ಲಿ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಗೆರೆ!

ಇನ್ನೂ ಎರಡು ಸೇರಬೇಕು. 32 ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ 12ರಂತೆ ತಿಂಗಳಿಗೆ 32,000 ಬಡ್ಡಿ. ಸ್ನೇಹಿತರ 20 ಲಕ್ಷಕ್ಕೆ ಬಡ್ಡಿ ಇಲ್ಲವಲ್ಲ ಎನ್ನಬಹುದು. ಆ ಹಣ ಬೇರೆಡೆ ಇದ್ದಿದ್ದರೆ ದುಡಿಯುತ್ತಿತ್ತು, ಹಾಗಾಗಿ ಅದಕ್ಕೂ ಬೆಲೆ ಕಟ್ಟಲೇಬೇಕು. ಎರಡನೆಯದು, ಹಳೆಯ ಅಂಗಡಿಯ ಗಿರಾಕಿಗಳೇ ಹೊಸದಕ್ಕೆ ಹೋಗುವುದು. ತಿಂಗಳಿಗೆ ಸುಮಾರು 200 ಕೇಕ್ ಆರ್ಡರ್‌ಗಳ ವಿಳಾಸ ನೋಡಿದಾಗ 60 ಆಗಲೇ ಆ ಅಪಾರ್ಟ್‌ಮೆಂಟ್‌ಗಳಿಗೆ ಹೋಗುತ್ತಿದ್ದವು. ಶನಿವಾರ ಭಾನುವಾರ ಆ ಕಡೆಯಿಂದ ಬರುವವರನ್ನೂ ಸೇರಿಸಿದರೆ ಸುಮಾರು ಒಂದು ಲಕ್ಷದ ವ್ಯಾಪಾರ ಎಡಗೈಯಿಂದ ಬಲಗೈಗೆ ಹೋಗುತ್ತದೆ ಅಷ್ಟೆ. ಹಳೆಯ ಅಂಗಡಿಯಲ್ಲಿ ಅದರಿಂದ 45,000 ಕಡಿಮೆಯಾಗುತ್ತದೆ.

ಇವೆರಡನ್ನೂ ತುಂಬಿಕೊಳ್ಳಲು ಹೊಸ ಅಂಗಡಿ ತಿಂಗಳಿಗೆ ಸುಮಾರು 7.9 ಲಕ್ಷ ಮಾರಬೇಕು, ದಿನಕ್ಕೆ 26,000ಕ್ಕೂ ಹೆಚ್ಚು. 18 ವರ್ಷದ ಹೆಸರಿರುವ ಅಂಗಡಿ ಮಾಡುವುದು 30,000. ಸರಾಸರಿ ಬಿಲ್ 80 ರೂಪಾಯಿ ಎಂದರೆ ದಿನಕ್ಕೆ 330 ಬಿಲ್. ಬಿಸಿ ಪಫ್ ಇಲ್ಲದೆ ಅಷ್ಟು ಜನ ಯಾಕೆ ಬರುತ್ತಾರೆ ಎಂಬುದಕ್ಕೆ ಫೈಲಿನಲ್ಲಿ ಉತ್ತರವಿಲ್ಲ.

ಅವಕಾಶ ಎಂದರೆ ನಾವು ಮಾಡುವ ಕೆಲಸವಲ್ಲ

"ಶಾಖೆ ತೆರೆಯುವುದು" ಎಂಬುದನ್ನು ಅವಕಾಶದ ಚೌಕದಲ್ಲಿ ಬರೆಯುವುದು ಅತಿ ಸಾಮಾನ್ಯ ತಪ್ಪು. ಶಾಖೆ ತೆರೆಯುವುದು ನಾವು ಮಾಡಬಹುದಾದ ಕೆಲಸ. ಅವಕಾಶ ಎಂದರೆ ನಾವು ಏನೂ ಮಾಡದಿದ್ದರೂ ಹೊರಗೆ ಆಗಿರುವ ಬದಲಾವಣೆ. ತೀರ್ಮಾನವನ್ನೇ ಚೌಕದೊಳಗೆ ಬರೆದುಬಿಟ್ಟರೆ ಮುಂದೆ ಯೋಚಿಸಲು ಏನು ಉಳಿಯಿತು?

ಇಲ್ಲಿ ನಿಜವಾದ ಅವಕಾಶಗಳು ಎರಡು. 2025ರ ಸೆಪ್ಟೆಂಬರ್ 22ರಿಂದ ಕೇಕ್, ಪೇಸ್ಟ್ರಿ, ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ ನೂರಕ್ಕೆ 18ರಿಂದ 5ಕ್ಕೆ ಇಳಿದಿದೆ. ದೊಡ್ಡದಾಗಿ ಬೆಳೆದರೆ ತೆರಿಗೆಯೇ ಲಾಭ ತಿನ್ನುತ್ತದೆ ಎಂಬ ಹಳೆಯ ಭಯ ಕಡಿಮೆಯಾಗಿದೆ. ಎರಡನೆಯದು, ಅಪಾರ್ಟ್‌ಮೆಂಟ್‌ಗಳಿಂದ ಕೇಳದೆಯೇ ಬರುತ್ತಿರುವ ಆ 60 ಕೇಕ್ ಆರ್ಡರ್‌ಗಳು. ಅಲ್ಲಿ ಬೇಡಿಕೆ ಇದೆ ಎಂಬುದಕ್ಕೆ ಅದು ಪುರಾವೆ. ಆದರೆ ಅದೇ ಪುರಾವೆ ಇನ್ನೊಂದು ಮಾತನ್ನೂ ಹೇಳುತ್ತದೆ: ಆ ಬೇಡಿಕೆಯನ್ನು ಅಂಗಡಿಯಿಲ್ಲದೆಯೂ ಮುಟ್ಟಬಹುದು.

ಅಪಾಯ: "ಸ್ಪರ್ಧೆ" ಎಂದರೆ ಏನೂ ಹೇಳಿದಂತಾಗಲಿಲ್ಲ

ಅಪಾಯದ ಚೌಕದಲ್ಲಿ ಪ್ರತಿ ಸಾಲಿಗೂ ಏನು ಹೋಗುತ್ತದೆ, ಎಷ್ಟು ಹೋಗುತ್ತದೆ ಎಂದು ಬರೆಯಬೇಕು. ಈ ಪ್ರಕರಣದಲ್ಲಿ ನನ್ನನ್ನು ಕಾಡಿದವು ಎರಡು.

ಮೊದಲನೆಯದು ಬಾಡಿಗೆ ಕರಾರು. ಬೆಂಗಳೂರಿನಲ್ಲಿ 11 ತಿಂಗಳ ಕರಾರು ವಾಡಿಕೆ. ಶೋಕೇಸ್, ಬೋರ್ಡು, ಟೈಲ್ಸ್, ವೈರಿಂಗ್ ಎಂದು 12 ಲಕ್ಷ ಗೋಡೆಗೆ ಅಂಟಿಸುತ್ತೇವೆ. ವ್ಯಾಪಾರ ಕುದುರುವ ಹೊತ್ತಿಗೆ ಕಟ್ಟಡದವರು ಬಾಡಿಗೆ ಏರಿಸಿದರೆ ಅಥವಾ ಖಾಲಿ ಮಾಡಿ ಎಂದರೆ ಆ 12 ಲಕ್ಷ ಅಲ್ಲೇ ಉಳಿಯುತ್ತದೆ. ಐದು ವರ್ಷದ ನೋಂದಾಯಿತ ಕರಾರು, ವರ್ಷಕ್ಕೆ ಎಷ್ಟು ಏರಿಕೆ ಎಂಬುದು ಅದರಲ್ಲೇ ಬರೆದಿರಬೇಕು, ನಾವು ಬಯಸಿದರೆ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಬರುವ ಹಕ್ಕು ಇರಬೇಕು. ಇಷ್ಟಕ್ಕೆ ಒಪ್ಪದ ಜಾಗ ಎಷ್ಟೇ ಚೆನ್ನಾಗಿದ್ದರೂ ಬೇಡ.

ಎರಡನೆಯದು ತೆರಿಗೆಯ ಮೆಟ್ಟಿಲು. ಈಗ ವರ್ಷದ ವಹಿವಾಟು 1.08 ಕೋಟಿ, ಕಾಂಪೋಸಿಷನ್ ಯೋಜನೆಯಲ್ಲಿ ನೂರಕ್ಕೆ 1 ಕಟ್ಟುತ್ತಿದ್ದಾರೆ. ಆ ಯೋಜನೆಯ ಮಿತಿ 1.5 ಕೋಟಿ, ಮತ್ತು ಅದು ಅಂಗಡಿಗೊಂದರಂತೆ ಅಲ್ಲ. ಒಂದೇ ಪ್ಯಾನ್ ಮೇಲಿನ ಎಲ್ಲಾ ವಹಿವಾಟೂ ಸೇರುತ್ತದೆ. ಹೊಸ ಅಂಗಡಿ ಗೆದ್ದರೆ ಮಿತಿ ದಾಟುವುದು ಖಚಿತ, ಆಗ ಹಳೆಯ ಅಂಗಡಿಯೂ ಮಾಮೂಲಿ ಜಿಎಸ್‌ಟಿಗೆ ಬರುತ್ತದೆ. ಹತ್ತು, ಇಪ್ಪತ್ತು ಎಂದು ದುಂಡಗಿನ ಬೆಲೆ ಇರುವ ಕಡೆ ಆ 5ನ್ನು ಗಿರಾಕಿಯ ಮೇಲೆ ಹಾಕುವುದು ಸುಲಭವಲ್ಲ. ಸಾಮಗ್ರಿಯ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಕ್ಕರೂ ಹಳೆಯ ಅಂಗಡಿಗೆ ತಿಂಗಳಿಗೆ ಸುಮಾರು 10,000 ಹೆಚ್ಚು ಬೀಳುತ್ತದೆ ಎಂಬುದು ನನ್ನ ಅಂದಾಜು. ಗಂಡನ ಹೆಸರಲ್ಲಿ ಒಂದು, ಹೆಂಡತಿಯ ಹೆಸರಲ್ಲಿ ಒಂದು ಮಾಡಿಕೊಂಡರಾಯಿತು ಎಂದು ಸಲಹೆ ಕೊಡುವವರು ಸಿಗುತ್ತಾರೆ. ಒಂದೇ ಅಡುಗೆಮನೆಯಿಂದ ಎರಡೂ ಅಂಗಡಿಗೆ ಮಾಲು ಹೋಗುವಾಗ ಅದು ಸುಲಭವಾಗಿ ಪ್ರಶ್ನೆಗೊಳಗಾಗುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೇಕರಿ, ಕಾಂಡಿಮೆಂಟ್ಸ್‌ನವರು ಪಟ್ಟ ಪಾಡು ನೆನಪಿರಲಿ.

ಹಾಗಾದರೆ ನಿರ್ಧಾರ?

ನನ್ನ ಅಭಿಪ್ರಾಯ ನೇರವಾಗಿ: ಈಗ ಬೇಡ. ಲಾಭ ನಷ್ಟಗಳನ್ನು ಎದುರುಬದುರು ಇಟ್ಟು ನೋಡಿ. ಹೊಸ ಅಂಗಡಿ ಹಳೆಯದರಷ್ಟೇ, ಅಂದರೆ 9 ಲಕ್ಷ ಮಾರಿದರೂ ಬಡ್ಡಿಗೆ ಮುಂಚೆ ಕುಟುಂಬಕ್ಕೆ ಹೆಚ್ಚಾಗಿ ಸಿಗುವುದು ತಿಂಗಳಿಗೆ 75,000. ಫೈಲಿನ 6 ಲಕ್ಷಕ್ಕೆ ನಿಂತರೆ ಬಡ್ಡಿಯೂ ಸೇರಿ ತಿಂಗಳಿಗೆ 77,000 ಕೈಬಿಡುತ್ತದೆ, ಮೊದಲ ಅಂಗಡಿ ನಿಜವಾಗಿ ದುಡಿಯುವ 85,000ದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ನುಂಗಿಕೊಂಡು.

ಇದರ ಬದಲು 5 ಲಕ್ಷದಲ್ಲಿ ಹಳೆಯ ಅಂಗಡಿಯಲ್ಲೇ ಇನ್ನೊಂದು ಫ್ರಿಜ್, ಕೇಕ್ ಅಲಂಕಾರಕ್ಕೆ ಒಂದು ಮೂಲೆ ಮಾಡಿಕೊಂಡು, ಆರ್ಡರ್ ಕೇಕ್ 200ರಿಂದ 300ಕ್ಕೆ ಏರಿಸಿದರೆ ಹೇಗೆ? ಒಂದು ಕೇಕಿಗೆ ಸರಾಸರಿ 500 ರೂಪಾಯಿ, ನೂರಕ್ಕೆ 45 ನಿಲ್ಲುತ್ತದೆ. ತಿಂಗಳಿಗೆ 22,500. ಅರ್ಧ ದಿನ ಬರುವ ಕೇಕ್ ಅಲಂಕಾರದವರಿಗೆ 10,000 ಕೊಟ್ಟರೂ 12,500 ಉಳಿಯುತ್ತದೆ, ವರ್ಷಕ್ಕೆ 1.5 ಲಕ್ಷ, ಹಾಕಿದ ಹಣಕ್ಕೆ ನೂರಕ್ಕೆ 30. ಹೊಸ ಅಂಗಡಿ ತನ್ನ ಅತ್ಯುತ್ತಮ ಸ್ಥಿತಿಯಲ್ಲಿ ಕೊಡುವುದೂ 32 ಲಕ್ಷಕ್ಕೆ ನೂರಕ್ಕೆ 28 ಅಷ್ಟೆ. ಇಲ್ಲಿ ಕಟ್ಟಡ ಅಡವಿಡಬೇಕಾಗಿಲ್ಲ.

ಶಾಖೆಯ ಆಸೆ ಬಿಡಲೇಬೇಕು ಎಂದು ನಾನು ಹೇಳುತ್ತಿಲ್ಲ. ಮೂರು ತಿಂಗಳಲ್ಲಿ ಎರಡು ಪರೀಕ್ಷೆ ಮಾಡಲಿ. ಒಂದು, ಅಣ್ಣ ಹತ್ತು ದಿನ ಅಂಗಡಿ ಕಡೆ ತಲೆ ಹಾಕದಿರಲಿ, ಫೋನೂ ಮಾಡದಿರಲಿ. ಮಾರಾಟ ನೂರಕ್ಕೆ 10ಕ್ಕಿಂತ ಹೆಚ್ಚು ಇಳಿಯಬಾರದು, ಉಳಿದ ಮಾಲು ಒಂದೂವರೆ ಪಟ್ಟು ಮೀರಬಾರದು, ಗಲ್ಲಾ ಮತ್ತು ಬಿಲ್ ತಾಳೆಯಾಗಬೇಕು. ಅತ್ತಿಗೆ ಬರೆದ ಆ ಸಾಲಿಗೆ ಉತ್ತರ ಸಿಗುವುದು ಇಲ್ಲಿ ಮಾತ್ರ. ಎರಡು, ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಒಪ್ಪಿಗೆ ಪಡೆದು ಎಂಟು ವಾರಾಂತ್ಯ ಒಂದು ಸ್ಟಾಲ್ ಹಾಕಲಿ. ಮೊದಲ ವಾರದ ನೂಕುನುಗ್ಗಲನ್ನು ನಂಬಬೇಡಿ, ಅದು ಕುತೂಹಲ. ಎಂಟನೇ ವಾರದ ಮಾರಾಟ ಎರಡನೇ ವಾರದಷ್ಟಾದರೂ ಇದ್ದರೆ, ಬಂದವರೇ ಮತ್ತೆ ಬರುತ್ತಿದ್ದರೆ, ಅದು ಗಿರಾಕಿ.

ಎರಡರಲ್ಲೂ ಪಾಸಾಗಿ, ಐದು ವರ್ಷದ ಕರಾರೂ ಸಿಕ್ಕರೆ ನಾನೇ ಸ್ನೇಹಿತರಿಗೆ ಹಾಕಿ ಎನ್ನುತ್ತೇನೆ. ಆಗಲೂ ಎರಡು ಷರತ್ತು. ಹಳೆಯ ಕಟ್ಟಡ ಅಡಮಾನಕ್ಕೆ ಹೋಗಬಾರದು. ಅದಕ್ಕಾಗಿ ಅಂಗಡಿಯನ್ನು ಸಣ್ಣದಾಗಿ ಶುರುಮಾಡಬೇಕಾದರೂ ಸರಿ. ಹಾಗೂ ಸತತ ಆರು ತಿಂಗಳು ದಿನದ ಸರಾಸರಿ 20,000 ಮುಟ್ಟದಿದ್ದರೆ ಮುಚ್ಚುತ್ತೇವೆ ಎಂದು ಈಗಲೇ ಕಾಗದದ ಮೇಲೆ ಬರೆದು ಅಣ್ಣ, ಅತ್ತಿಗೆ, ಸ್ನೇಹಿತರು ಮೂವರೂ ಸಹಿ ಹಾಕಬೇಕು. ಹಣ ಹಾಕುವ ಮುಂಚೆ ಈ ಮಾತಾಡುವುದು ಮುಜುಗರ ನಿಜ. ಆದರೆ ಹಣ ಹೋದ ಮೇಲೆ ದೊಡ್ಡಪ್ಪನ ಮನೆಯಲ್ಲಿ ಹಬ್ಬದೂಟಕ್ಕೆ ಕೂರುವುದು ಅದಕ್ಕಿಂತ ಕಷ್ಟ.